ಇನ್ನೂ ಅಕ್ಸೆಪ್ಟ್ ಒತ್ತಿಲ್ಲ ಅಲ್ವಾ?

ಪ್ರೀತಿಯ ಪುಟ್ಟಿ,

ಹೊಸ ಕೆಲಸದ ಆಫರ್‌ನಲ್ಲಿ ಸಂಬಳ ಜಾಸ್ತಿ ಮಾಡಿ ಅಂತ ಎಚ್‌ಆರ್‌ಗೆ ಕಳಿಸೋಕೆ ನೀನು ಬರೆದಿಟ್ಟ ಮೆಸೇಜ್ ಓದಿದೆ. ಹನ್ನೊಂದು ಸಾಲು ಇದೆ, ಅದರಲ್ಲಿ ಮೂರು ಸಲ ಸಾರಿ. ಪಿಜಿ ಬಾಡಿಗೆ, ಅಪ್ಪನ ಸಾಲ ಎಲ್ಲಾ ಬಂದುಬಿಟ್ಟಿದೆ. ಅದು ಅವರಿಗೆ ಬೇಕಿಲ್ಲ ಕಣೇ, ನಿನ್ನ ಕೆಲಸಕ್ಕೆ ಎಷ್ಟು ಅನ್ನೋದಷ್ಟೇ ಅಲ್ಲಿನ ಮಾತು.

ಮೊದಲು ಆ 9 ಲಕ್ಷ ಸಿಟಿಸಿ ಬಿಡಿಸಿ ನೋಡು. ಅದರಲ್ಲಿ ವೇರಿಯಬಲ್ 90 ಸಾವಿರ. ಬೇಸಿಕ್ ನಾಲ್ಕೂವರೆ ಲಕ್ಷ ಇರುವುದರಿಂದ ಕಂಪನಿ ಕಟ್ಟುವ ಪಿಎಫ್ 54 ಸಾವಿರ, ಗ್ರಾಚ್ಯುಟಿ 21 ಸಾವಿರ ಚಿಲ್ಲರೆ, ಎರಡೂ ಅದರೊಳಗೇ ಸೇರಿವೆ. ನಿನ್ನ ಪಾಲಿನ ಪಿಎಫ್ ಕಳೆದರೆ ತಿಂಗಳಿಗೆ ಕೈಗೆ ಬರೋದು ಸುಮಾರು 56 ಸಾವಿರ. ಹಾಗಾಗಿ ಸಿಟಿಸಿ ಜಾಸ್ತಿ ಮಾಡಿ ಅಂದರೆ ವೇರಿಯಬಲ್ ಉಬ್ಬಿಸಿ ಕೊಟ್ಟಾರು. ಫಿಕ್ಸೆಡ್ ಕೇಳು. ಈಗ ಅದು 8.1 ಇದೆ.

ಇಂಗ್ಲಿಷಿನಲ್ಲೇ ಕಳಿಸು, ಆದರೆ ಧಾಟಿ ಹೀಗಿರಲಿ:

"ನಮಸ್ತೆ ಮೇಡಂ, ಆಫರ್‌ಗೆ ಥ್ಯಾಂಕ್ಸ್. ನಿಮ್ಮ ಟೀಮ್ ಜೊತೆ ಮಾತಾಡಿ ತುಂಬಾ ಖುಷಿಯಾಯಿತು, ಸೇರುವ ಮನಸ್ಸಿದೆ. ಪೇಮೆಂಟ್ ಆ್ಯಪ್‌ಗಳ ಟೆಸ್ಟಿಂಗ್‌ನಲ್ಲಿ ನನಗಿರುವ ಮೂರು ವರ್ಷದ ಅನುಭವಕ್ಕೆ ಫಿಕ್ಸೆಡ್ 9 ಲಕ್ಷ ಕೇಳುತ್ತಿದ್ದೇನೆ. ಅಷ್ಟಾದರೆ ಅದೇ ದಿನ ಸಹಿ ಹಾಕುತ್ತೇನೆ."

ಅಷ್ಟೇ. ಎಂಟೂವರೆಯಿಂದ ಒಂಬತ್ತು ಅಂತ ಬರೆಯಬೇಡ, ಅವರಿಗೆ ಕೇಳಿಸೋದು ಎಂಟೂವರೆ ಮಾತ್ರ. ಎಂಟೂವರೆ ನಿನ್ನ ಮನಸ್ಸಿನಲ್ಲಿರಲಿ, ಅದಕ್ಕಿಂತ ಕೆಳಗೆ ಒಪ್ಪಲ್ಲ ಅಂತ. ಕೊನೆಯ ಸಾಲು ನಿಜವಾಗಿದ್ದರೆ ಮಾತ್ರ ಬರಿ. ನಾನು ಇಷ್ಟು ವರ್ಷ ಎಚ್‌ಆರ್ ಕುರ್ಚಿಯಲ್ಲಿ ಕೂತವಳು, ಅದರ ಬೆಲೆ ಗೊತ್ತು: ಆ ಸಾಲು ಇದ್ದರೆ "ಇಷ್ಟು ಕೊಟ್ಟರೆ ಹುಡುಗಿ ಬರ್ತಾಳೆ" ಅಂತ ಮ್ಯಾನೇಜರ್ ಹತ್ತಿರ ಹೋಗಿ ಅಪ್ರೂವಲ್ ಕೇಳೋದು ಸುಲಭ, ಇಲ್ಲದಿದ್ದರೆ ಕೊಟ್ಟ ಮೇಲೂ ಬರ್ತಾಳೋ ಇಲ್ಲವೋ ಅನ್ನೋ ಅನುಮಾನ.

ಕಳಿಸಿದ ಮೇಲೆ ಸುಮ್ನೆ ಇರು. ಎರಡು ನೀಲಿ ಟಿಕ್ ಬಿದ್ದು ಉತ್ತರ ಬರಲಿಲ್ಲ ಅಂತ ರಾತ್ರಿ "ಪರವಾಗಿಲ್ಲ ಮೇಡಂ, 8.5 ಆದರೂ ಓಕೆ" ಅಂತ ನೀನೇ ಇಳಿಯುತ್ತೀಯಲ್ಲ, ಅಲ್ಲೇ ಕೆಡೋದು. ಅಪ್ರೂವಲ್‌ಗೆ ಎರಡು ಮೂರು ದಿನ ಹಿಡಿಯುತ್ತದೆ. ಮೂರನೇ ದಿನ ದಾಟಿದರೆ ಒಂದೇ ಸಾಲಿನಲ್ಲಿ ವಿಚಾರಿಸು.

ಬಜೆಟ್ ಇಲ್ಲ ಅಂದರೆ ಜಾಯ್ನಿಂಗ್ ಬೋನಸ್ ಕೇಳಬಹುದು, ಆದರೆ ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನೋ ಷರತ್ತು ಇದೆಯಾ ನೋಡಿಕೋ. "ಆರು ತಿಂಗಳಾದ ಮೇಲೆ ನೋಡೋಣ" ಅಂದರೆ ಅದು ಆಫರ್ ಲೆಟರ್‌ನಲ್ಲೇ ಬರಲಿ. ನನಗೆ ಒಂದು ಕಡೆ ಫೋನಿನಲ್ಲಿ ಹಾಗೆ ಹೇಳಿದ್ದರು. ಆರು ತಿಂಗಳಿಗೆ ಹೇಳಿದವರೇ ಕೆಲಸ ಬಿಟ್ಟಿದ್ದರು, ಹೊಸಬರು ನನ್ನ ಮುಖ ನೋಡಿದರು.

ತಿದ್ದಿದ ಆಫರ್ ಲೆಟರ್ ಕೈಗೆ ಬರುವವರೆಗೂ ಈಗಿನ ಕಡೆ ರಾಜೀನಾಮೆ ಕೊಡಬೇಡ. ಬಂದ ತಕ್ಷಣ ಫಿಕ್ಸೆಡ್ ಸಾಲಿನ ಫೋಟೊ ನನಗೆ ಕಳಿಸು, ನಿಮ್ಮಪ್ಪನಿಗೆ ಆಮೇಲೆ ಹೇಳೋಣ.

ನಿನ್ನ ಅತ್ತೆ