ಕೆಲಸ ಬಿಟ್ಟರೆ ಬೋನಸ್ ಹೋಗುವುದಿಲ್ಲ

ಸಂಪಾದಕರೇ,

ದೀಪಾವಳಿ ಹತ್ತಿರವಾದಾಗ ಬಹಳಷ್ಟು ಕಾರ್ಖಾನೆಗಳು ಆ ತಿಂಗಳ ಹಾಜರಿ ಪಟ್ಟಿ ಹಿಡಿದು ಬೋನಸ್ ಹಂಚುತ್ತವೆ. ನಡುವೆ ರಾಜೀನಾಮೆ ಕೊಟ್ಟವರ ಹೆಸರು ಅದರಲ್ಲಿ ಇರುವುದಿಲ್ಲ. ಕೇಳಿದರೆ, ‘ಕೊಡುವ ದಿನ ನೀವು ನೌಕರಿಯಲ್ಲಿ ಇರಲಿಲ್ಲ’ ಎಂಬ ಉತ್ತರ. ಇಂಥ ಷರತ್ತು ಕಾನೂನಿನಲ್ಲಿ ಎಲ್ಲೂ ಇಲ್ಲ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1965ರ ಬೋನಸ್ ಪಾವತಿ ಕಾಯ್ದೆ ನೋಡುತ್ತಿದ್ದುದು ಲೆಕ್ಕವರ್ಷವನ್ನು. ಆ ವರ್ಷದಲ್ಲಿ ಕನಿಷ್ಠ 30 ಕೆಲಸದ ದಿನ ದುಡಿದಿದ್ದು, ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 21,000 ರೂಪಾಯಿ ಮೀರದಿದ್ದರೆ ಸಾಕಿತ್ತು. ಸಂಬಳಸಹಿತ ರಜೆ, ಹೆರಿಗೆ ರಜೆ, ಲೇ ಆಫ್ ದಿನಗಳೂ ದುಡಿದ ದಿನಗಳ ಲೆಕ್ಕಕ್ಕೆ ಸೇರುತ್ತಿದ್ದವು.

ಒಬ್ಬ ಟೈಲರ್ 2024ರ ಏಪ್ರಿಲ್‌ನಿಂದ ಜುಲೈವರೆಗೆ ದುಡಿದು ಬಿಟ್ಟರು ಎಂದುಕೊಳ್ಳಿ. ಬೇಸಿಕ್ ಮತ್ತು ತುಟ್ಟಿಭತ್ಯೆ 14,000. ಆ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ 12,000 ಎಂದಿಟ್ಟುಕೊಳ್ಳೋಣ. ಲೆಕ್ಕ ಹಾಕುವುದು 7,000 ಅಥವಾ ಕನಿಷ್ಠ ವೇತನ, ಇವೆರಡರಲ್ಲಿ ಹೆಚ್ಚಿನದರ ಮೇಲೆ. ಹಾಗಾಗಿ ನಾಲ್ಕು ತಿಂಗಳಿಗೆ 48,000. ಅದರ ಮೇಲೆ ಕನಿಷ್ಠ ಬೋನಸ್ ದರ ಶೇ 8.33 ಹಾಕಿದರೆ ಸುಮಾರು 3,998 ರೂಪಾಯಿ. ಹಳೆಯ ಅಭ್ಯಾಸದಂತೆ 7,000ಕ್ಕೇ ನಿಲ್ಲಿಸಿದರೆ ಕೈಗೆ ಬರುವುದು 2,332 ಮಾತ್ರ. ಉಳಿದವರಿಗೆ ಕಂಪನಿ ಶೇ 12 ಕೊಟ್ಟಿದ್ದರೆ ಇವರಿಗೂ ಅದೇ ದರ.

ಗೊಂದಲ ಹುಟ್ಟುವುದು ಸೆಟಲ್‌ಮೆಂಟ್ ದಿನ. ಆಗಸ್ಟ್‌ನಲ್ಲಿ ಲೆಕ್ಕ ಚುಕ್ತಾ ಮಾಡುವಾಗ ಆ ವರ್ಷದ ದರವೇ ಗೊತ್ತಿರುವುದಿಲ್ಲ. ವರ್ಷ ಮುಗಿದ ಎಂಟು ತಿಂಗಳೊಳಗೆ, ಅಂದರೆ 2025ರ ನವೆಂಬರ್ 30ರೊಳಗೆ, ಕೊಡಲು ಕಾಲವಿರುತ್ತದೆ. ಅಷ್ಟರಲ್ಲಿ ಹೆಸರು ಮರೆತುಹೋಗಿರುತ್ತದೆ. ‘ಇನ್ನೇನೂ ಬಾಕಿ ಇಲ್ಲ’ ಎಂದು ಸಹಿ ಹಾಕಿಸಿಕೊಂಡಿದ್ದರೂ ಕನಿಷ್ಠ ಬೋನಸ್ ಬಿಟ್ಟುಕೊಡುವ ಒಪ್ಪಂದ ಊರ್ಜಿತವಲ್ಲ.

ವಜಾ ಆದವರ ವಿಷಯ ಬೇರೆ, ಆದರೆ ಜನ ತಿಳಿದಷ್ಟು ಕಠಿಣವಲ್ಲ. 1965ರ ಕಾಯ್ದೆಯ 9ನೇ ಕಲಂ ಬೋನಸ್ ಕಸಿಯುತ್ತಿದ್ದುದು ವಂಚನೆ, ಕಾರ್ಖಾನೆಯ ಆವರಣದಲ್ಲಿ ದಾಂಧಲೆ ಅಥವಾ ಹಿಂಸೆ, ಇಲ್ಲವೇ ಸಂಸ್ಥೆಯ ಸ್ವತ್ತಿನ ಕಳವು, ದುರುಪಯೋಗ, ವಿಧ್ವಂಸದ ಕಾರಣಕ್ಕೆ ವಜಾ ಮಾಡಿದಾಗ ಮಾತ್ರ. 2025ರ ನವೆಂಬರ್ 21ರಂದು ಆ ಕಾಯ್ದೆಯ ಬದಲು ಜಾರಿಗೆ ಬಂದ ವೇತನ ಸಂಹಿತೆ, ಲೈಂಗಿಕ ಕಿರುಕುಳದಲ್ಲಿ ಶಿಕ್ಷೆಯಾಗಿದ್ದನ್ನೂ ಇದಕ್ಕೆ ಸೇರಿಸಿದೆ. ಹೇಳದೆ ಕೇಳದೆ ಗೈರಾಗಿದ್ದಕ್ಕೋ ಮೇಲಿನವರ ಮಾತು ಕೇಳದ್ದಕ್ಕೋ ವಜಾ ಆದವರು ಬೋನಸ್ ಕಳೆದುಕೊಳ್ಳುವುದಿಲ್ಲ. ವಿಚಾರಣೆ ನಡೆಯುತ್ತಿರುವಾಗಲೇ ರಾಜೀನಾಮೆ ಅಂಗೀಕರಿಸಿಬಿಟ್ಟರೆ ಅದು ವಜಾ ಅಲ್ಲ, ಬೋನಸ್ ಕಸಿಯುವ ಕಲಮೂ ಅನ್ವಯಿಸದು. ದುರ್ನಡತೆಯಿಂದ ನಷ್ಟವಾಗಿದ್ದರೆ ಆ ನಷ್ಟದಷ್ಟನ್ನು ಅದೇ ವರ್ಷದ ಬೋನಸ್‌ನಲ್ಲಿ ಮುರಿಯಬಹುದು, ಅಷ್ಟೇ.

ಆದ್ದರಿಂದ ವಜಾ ಆದೇಶದ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿ ಬರೆದ ಕಾರಣ ಓದಿ. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೋಪಾನವಾಗಿರಲಿ. ಮೊದಲು ಕಂಪನಿಗೆ ರಿಜಿಸ್ಟರ್ ಅಂಚೆಯಲ್ಲಿ ಬರೆಯಿರಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ. ಹಳೆಯ ಕಾಯ್ದೆ ಇದಕ್ಕೆ ಒಂದು ವರ್ಷ ಕೊಟ್ಟಿತ್ತು, ಸಂಹಿತೆ ಮೂರು ವರ್ಷ ಕೊಟ್ಟಿದೆ.

– ಕಾರ್ಮಿಕ ಕಾನೂನು ಸಲಹೆಗಾರರು, ಬೆಂಗಳೂರು