ಒಂದು ಚೀಲದ ತೂತು: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ಮೆಂಟೆನೆನ್ಸ್ ಫಿಟ್ಟರ್ ಆಗಿದ್ದವನು. ಮನೆಯೂ ಅಲ್ಲೇ ಹತ್ತಿರ. ಬೇಸಿಗೆ ಬಂದರೆ ಮಾಳಿಗೆ ಮೇಲೆ ಶಾವಿಗೆ ಒಣಗಿಸುವುದನ್ನು ನಮ್ಮ ಓಣಿಯವರು ಬಿಟ್ಟೇಬಿಟ್ಟಿದ್ದಾರೆ. ಸಂಜೆಗೆ ಅದರ ಮೇಲೆ ಬೂದು ಬಣ್ಣದ ಪುಡಿ ಕೂತಿರುತ್ತದೆ.

ಇದಕ್ಕೆ ಪರಿಹಾರ ಕೇಳಿ ಓಣಿಯವರು ಒಂದು ಅರ್ಜಿ ಬರೆದಿದ್ದಾರೆ. ಅದರಲ್ಲಿ ಎಲ್ಲ ಫೌಂಡ್ರಿಗಳಿಗೂ ಹೊಗೆಯ ಧೂಳನ್ನು ವಿದ್ಯುತ್ತಿನಿಂದ ಹಿಡಿಯುವ ಇಎಸ್‌ಪಿ ಹಾಕಿಸಿ ಎಂದಿದೆ. ಅದು ನಿಮ್ಮ ಕೈ ಸೇರುವ ಮುಂಚೆ ಈ ಪತ್ರ ಓದಿ ಎಂದು ಕೇಳಿಕೊಳ್ಳುತ್ತೇನೆ.

ಇಎಸ್‌ಪಿ ಒಳ್ಳೆಯ ಯಂತ್ರವೇ. ತಂತಿಗೆ ನಲವತ್ತು-ಐವತ್ತು ಸಾವಿರ ವೋಲ್ಟ್ ಕೊಟ್ಟು ಧೂಳಿನ ಕಣಕ್ಕೆ ವಿದ್ಯುತ್ ಚಾರ್ಜ್ ಹತ್ತಿಸುತ್ತದೆ. ಆ ಕಣ ಎದುರಿನ ಲೋಹದ ಪ್ಲೇಟಿಗೆ ಅಂಟಿಕೊಳ್ಳುತ್ತದೆ, ಪ್ಲೇಟಿಗೆ ಸುತ್ತಿಗೆ ಬಿದ್ದಾಗ ಕೆಳಗೆ ಉದುರುತ್ತದೆ. ಆದರೆ ಅದು ಹೊಂದುವುದು ಹಗಲು-ರಾತ್ರಿ ಒಂದೇ ಸಮನೆ ನಡೆಯುವ ಸಿಮೆಂಟ್ ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರಗಳಿಗೆ. ನಮ್ಮ ಕಡೆ ವಿದ್ಯುತ್ತಿನಿಂದ ಲೋಹ ಕರಗಿಸುವ ಸಣ್ಣ ಇಂಡಕ್ಷನ್ ಫರ್ನೇಸಿಗೆ ಬ್ಯಾಗ್ ಫಿಲ್ಟರ್ ಸಾಕು. ನಾನು ಕೆಲಸ ಮಾಡಿದ ಕಡೆ ಅದು ಇತ್ತು ಕೂಡ. ಇದ್ದೂ ಪುಡಿ ಯಾಕೆ ಬೀಳುತ್ತಿತ್ತು ಎನ್ನುವುದೇ ನನ್ನ ಮಾತು.

ಬ್ಯಾಗ್ ಫಿಲ್ಟರ್ ಅಂದರೆ ಒಂದು ದೊಡ್ಡ ತಗಡಿನ ಪೆಟ್ಟಿಗೆ. ಒಳಗೆ ತಂತಿಯ ಪಂಜರಕ್ಕೆ ತೊಡಿಸಿದ ಉದ್ದನೆಯ ಫೆಲ್ಟ್ ಬಟ್ಟೆಯ ಚೀಲಗಳು ಸಾಲಾಗಿ ನೇತಾಡುತ್ತವೆ. ಹೊಗೆ ಹೊರಗಿನಿಂದ ಚೀಲದೊಳಕ್ಕೆ ನುಗ್ಗುತ್ತದೆ, ಧೂಳು ಬಟ್ಟೆಯ ಹೊರಮೈ ಮೇಲೆ ನಿಲ್ಲುತ್ತದೆ, ಸ್ವಚ್ಛ ಗಾಳಿ ಮೇಲಿನ ಬಾಯಿಯಿಂದ ಚಿಮಣಿಗೆ ಹೋಗುತ್ತದೆ. ಆಗಾಗ ಮೇಲಿನಿಂದ ಕಂಪ್ರೆಸರ್ ಗಾಳಿ ಒಂದು ಕ್ಷಣ ಹೊಡೆಯುತ್ತದೆ. ಚೀಲ ಝಾಡಿಸಿಕೊಂಡು ಧೂಳು ಕೆಳಗಿನ ಹಾಪರಿಗೆ ಬೀಳುತ್ತದೆ. ನಿಜ ಹೇಳಬೇಕೆಂದರೆ ಧೂಳನ್ನು ಹಿಡಿಯುವುದು ಬಟ್ಟೆಗಿಂತ ಜಾಸ್ತಿ ಅದರ ಮೇಲೆ ಕೂತ ಧೂಳಿನ ತೆಳು ಪದರ.

ಸಾಮಾನ್ಯ ಪಾಲಿಯೆಸ್ಟರ್ ಚೀಲ ಸುಮಾರು 130 ಡಿಗ್ರಿ ಶಾಖದವರೆಗೆ ತಡೆಯುತ್ತದೆ. ಫರ್ನೇಸಿನಿಂದ ಒಂದು ಕಿಡಿ ಹಾರಿ ಬಂದರೆ ಸಾಕು, ತೂತು. ಎರಡು ಇಂಚಿನ ಒಂದು ತೂತು ಏನು ಮಾಡುತ್ತದೆ, ನೋಡಿ. ಗಂಟೆಗೆ ಹತ್ತು ಸಾವಿರ ಘನ ಮೀಟರ್ ಗಾಳಿ ಎಳೆಯುವ ಫಿಲ್ಟರ್ ಎಂದುಕೊಳ್ಳಿ. ಒಳಬರುವ ಗಾಳಿಯಲ್ಲಿ ಘನ ಮೀಟರಿಗೆ ಐದು ಗ್ರಾಂ ಧೂಳು. ಎಲ್ಲ ಚೀಲ ಸರಿ ಇದ್ದರೆ ಚಿಮಣಿಯಿಂದ ಹೋಗುವುದು ಘನ ಮೀಟರಿಗೆ 20 ಮಿಲಿಗ್ರಾಂ, ಅಂದರೆ ಗಂಟೆಗೆ 200 ಗ್ರಾಂ. ಆ ತೂತಿನಿಂದ ಗಂಟೆಗೆ ಸುಮಾರು 180 ಘನ ಮೀಟರ್ ಸೋಸದ ಗಾಳಿ ನುಗ್ಗುತ್ತದೆ. ಅದರ ಜೊತೆ 900 ಗ್ರಾಂ ಧೂಳು. ಒಟ್ಟು ಗಂಟೆಗೆ ಒಂದು ಕಿಲೋಗಿಂತ ಜಾಸ್ತಿ. ಐದು ಪಟ್ಟು ಆಯಿತು, ಅಲ್ವಾ?

ಇಷ್ಟಾದರೂ ಚಿಮಣಿಯಲ್ಲಿ ಅಳೆದರೆ 110 ಮಿಲಿಗ್ರಾಂ ಬರುತ್ತದೆ. ಇಂಡಕ್ಷನ್ ಫರ್ನೇಸಿಗೆ ಮಿತಿ 150. ರಿಪೋರ್ಟಿನಲ್ಲಿ ಎಲ್ಲ ಸರಿ! ಎರಡನೇ ಚೀಲ ಹರಿದ ಮೇಲೇ ಮಿತಿ ದಾಟುತ್ತದೆ. ಪೆಟ್ಟಿಗೆಯ ಮೇಲಿನ, ಗಾಳಿಯ ಒತ್ತಡ ತೋರಿಸುವ ಮ್ಯಾನೊಮೀಟರ್ ಕೂಡ ಇದನ್ನು ಹೇಳುವುದಿಲ್ಲ. ಹತ್ತು ಸಾವಿರದಲ್ಲಿ 180 ಅದಕ್ಕೆ ಲೆಕ್ಕಕ್ಕೇ ಇಲ್ಲ. ಚೀಲ ಕಟ್ಟಿಕೊಂಡಾಗ ಅದರ ಅಂಕಿ ಏರುತ್ತದೆ. ಬಹಳ ಚೀಲ ಹರಿದಾಗ, ಇಲ್ಲವೇ ಹೊಗೆಯನ್ನು ಬೈಪಾಸಿನಿಂದ ನೇರ ಚಿಮಣಿಗೆ ಬಿಟ್ಟಾಗ ಧಡಕ್ಕನೆ ಇಳಿಯುತ್ತದೆ.

ಒಂದು ತೂತು ಕಾಣುವುದು ಮೇಲಿನ ಮುಚ್ಚಳ ತೆಗೆದಾಗ ಮಾತ್ರ. ಚೀಲಗಳ ಬಾಯಿ ಕೂತ ತಗಡು ಕೈಯಾಡಿಸಿದರೂ ಸ್ವಚ್ಛ ಇರಬೇಕು. ಒಂದು ಬಾಯಿಯ ಸುತ್ತ ಮಾತ್ರ ಬೂದು ಪುಡಿ ರಂಗೋಲಿ ಹಿಟ್ಟಿನ ಹಾಗೆ ಹರಡಿದ್ದರೆ ಅದೇ ಹರಿದ ಚೀಲ. ನಾನು ಹೀಗೆ ಮೂರು ತೋರಿಸಿದ್ದೆ. ಹೊಸ ಚೀಲ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ಫರ್ನೇಸ್ ನಿಲ್ಲಲಿಲ್ಲ. ಆ ಬಾಯಿಗಳಿಗೆ ಬಿರಡೆ ಹಾಕಿ ಮುಚ್ಚಿದ್ದರೂ ಸಾಕಿತ್ತು, ಅರ್ಧ ಗಂಟೆಯ ಕೆಲಸ. ನಾನು ಪಟ್ಟು ಹಿಡಿಯಲಿಲ್ಲ. ಆ ನೋವು ಇನ್ನೂ ಇದೆ.

ಇನ್ನು ವಾಸನೆ. ಅಚ್ಚಿನ ಮರಳಿಗೆ ಬೆರೆಸಿದ ರಾಳ ಸುಟ್ಟು ಬರುವ ಘಾಟು ಗಾಳಿಯ ರೂಪದ್ದು. ಬಟ್ಟೆಯಲ್ಲಿ ಅದು ನಿಲ್ಲುವುದೇ ಇಲ್ಲ. ಅದಕ್ಕೆ ಬೇಕಾದದ್ದು ಹೊಗೆಯನ್ನು ನೀರಿನಲ್ಲಿ ತೊಳೆಯುವ ಸ್ಕ್ರಬ್ಬರ್. ಅದರಲ್ಲೂ ಬರೀ ನೀರು ಸಿಂಪಡಿಸಿದರೆ ಆಗದು. ಗಂಧಕದ ಹೊಗೆಗೆ ಸುಣ್ಣದ ಅಥವಾ ಕಾಸ್ಟಿಕ್ ನೀರು ಬೇಕು, ಕೊಳೆತ ಮೀನಿನಂಥ ಅಮೈನ್ ವಾಸನೆಗೆ ಆಮ್ಲದ ನೀರು. ಆ ನೀರಿನ ಪಿಎಚ್ ದಿನಾ ನೋಡಬೇಕು, ಹೊಲಸಾದ ನೀರನ್ನು ಹಳ್ಳಕ್ಕೆ ಬಿಡಬಾರದು. ‘ಫಿಲ್ಟರ್ ಇದೆ, ವಾಸನೆ ಹೇಗೆ ಬರುತ್ತೆ’ ಎಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ನೀವು ಅಧಿಕಾರಿಗಳ ಜೊತೆ ಒಮ್ಮೆ ಬನ್ನಿ. ಮೊದಲೇ ಹೇಳದೆ ಬನ್ನಿ. ಫರ್ನೇಸ್ ನಿಲ್ಲಿಸಿ ಮೇಲಿನ ಮುಚ್ಚಳ ತೆಗೆಸಿ, ಬೈಪಾಸಿನ ಬಾಗಿಲಿಗೆ ಸೀಲ್ ಇದೆಯಾ ನೋಡಿ, ಹಳೇ ಚೀಲ ಬದಲಿಸಿದ ತಾರೀಕಿನ ರಿಜಿಸ್ಟರ್ ಕೇಳಿ. ಏಣಿ ಹತ್ತಿ ತೋರಿಸಲು ನಾನು ಬರುತ್ತೇನೆ.

ಇಂತಿ,
ತಾರಿಹಾಳದ ಒಬ್ಬ ನಿವೃತ್ತ ಫಿಟ್ಟರ್