ಎಪಿಡ್ಯೂರಲ್ ಬಗ್ಗೆ ನೀನು ಬರೆದ ಸಾಲಿಗೆ ಉತ್ತರ

ಚಿ. ಸೌ. ಸುಮಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳೆಲ್ಲ ನಿನ್ನ ಅಮ್ಮನಿಂದ ಮೊದಲೇ ತಿಳಿದಿದ್ದವು. ಆದರೆ ‘ಬೆನ್ನಿಗೆ ಎಪಿಡ್ಯೂರಲ್ ಹಾಕಿಸಿಕೊಂಡರೆ ಹೆರಿಗೆ ಅರ್ಧಕ್ಕೇ ನಿಂತು ಸಿಸೇರಿಯನ್ ಆಗಿಬಿಡುತ್ತದಂತೆ, ಅದಕ್ಕೇ ಎಷ್ಟೇ ನೋವಾದರೂ ಬೇಡ ಅಂದುಕೊಂಡಿದ್ದೇನೆ’ ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ಅದು ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ. ಬೇಡವೆನ್ನುವ ಹಕ್ಕು ನಿನ್ನದೇ. ಆದರೆ ಈ ಭಯ ಒಂದರಿಂದಲೇ ಬೇಡವೆನ್ನುತ್ತಿದ್ದರೆ ನಾನು ಸುಮ್ಮನಿರಲಾರೆ.

ಎಪಿಡ್ಯೂರಲ್ ಎಂದರೆ ಹೆರಿಗೆಯ ನೋವು ತಗ್ಗಿಸಲು ಬೆನ್ನಿನ ಮೂಲಕ ಔಷಧಿ ಕೊಡುವ ಕ್ರಮ. ಬೆನ್ನುಹುರಿಯನ್ನು ಸುತ್ತಿಕೊಂಡಿರುವ ಪೊರೆಯ ಹೊರಗಡೆ ಒಂದು ಕಿರಿದಾದ ಜಾಗವಿದೆ. ಅರಿವಳಿಕೆ ವೈದ್ಯರು ಸೊಂಟದ ಬಳಿ ಎರಡು ಮೂಳೆಗಳ ನಡುವೆ ಸೂಜಿ ಹಾಕಿ ಅಲ್ಲಿಗೆ ತಲುಪಿ, ತೆಳುವಾದ ಒಂದು ನಳಿಕೆಯನ್ನು ಒಳಗೆ ಬಿಟ್ಟು, ಸೂಜಿಯನ್ನು ಹೊರತೆಗೆಯುತ್ತಾರೆ. ಆ ನಳಿಕೆಯಿಂದ ಹೋಗುವ ಔಷಧಿಯು ಗರ್ಭಕೋಶದಿಂದ ನೋವನ್ನು ಹೊತ್ತು ಬರುವ ನರಗಳನ್ನು ಅಲ್ಲೇ ತಡೆಯುತ್ತದೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಗುಣ ಕಾಣುತ್ತದೆ. ಗರ್ಭಕೋಶ ಬಿಗಿಯುವುದನ್ನು ಮಾತ್ರ ಅದು ನಿಲ್ಲಿಸುವುದಿಲ್ಲ, ಏಕೆಂದರೆ ಆ ಸ್ನಾಯು ತನ್ನಷ್ಟಕ್ಕೆ ತಾನೇ ಬಿಗಿಯಬಲ್ಲದು. ಕೆಲವರಲ್ಲಿ ಅದು ಮಂದವಾಗಿ ಬಿಗಿತ ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಬೇಕಾಗುವುದುಂಟು, ಅದನ್ನು ಮುಚ್ಚಿಡುವುದಿಲ್ಲ.

ನಿನ್ನ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾನು ಲೇಬರ್ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧಿಯನ್ನು 0.25 ಶೇಕಡಾ ಸಾಂದ್ರತೆಯಲ್ಲಿ ಕೊಡುತ್ತಿದ್ದರು, ತಾಯಿಯ ಕಾಲು ಕೊರಡಿನಂತಾಗುತ್ತಿತ್ತು, ಮಗುವನ್ನು ಹೊರಗೆ ತಳ್ಳಲು ಮುಕ್ಕುವ ಹೊತ್ತು ಬಂದಾಗ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ, ಕೊನೆಗೆ ಮಗುವನ್ನು ಎಳೆಯುವ ಇಕ್ಕಳ, ಫೋರ್ಸೆಪ್ಸ್ ಹಾಕುತ್ತಿದ್ದರು. ಈಗ 0.1 ಶೇಕಡಾ ಅಥವಾ ಇನ್ನೂ ಕಡಿಮೆ, ಜೊತೆಗೆ ಸ್ವಲ್ಪ ಫೆಂಟಾನಿಲ್ ಎಂಬ ನೋವುನಿವಾರಕ. ಬ್ರಿಟನ್ನಿನಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಕಾಮೆಟ್ ಅಧ್ಯಯನದಲ್ಲಿ ಹಳೆಯ ಕ್ರಮದವರಲ್ಲಿ 35 ಶೇಕಡಾ ಸಹಜವಾಗಿ ಹೆತ್ತರೆ, ಕಡಿಮೆ ಸಾಂದ್ರತೆಯವರಲ್ಲಿ 43 ಶೇಕಡಾ ಹೆತ್ತರು. ವ್ಯತ್ಯಾಸವೆಲ್ಲ ಫೋರ್ಸೆಪ್ಸ್, ವ್ಯಾಕ್ಯೂಮ್ ಬಳಕೆಯಲ್ಲಿ ಇತ್ತೇ ಹೊರತು ಸಿಸೇರಿಯನ್‌ನಲ್ಲಿ ಇರಲಿಲ್ಲ. ಎಪಿಡ್ಯೂರಲ್ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದ ಅನೇಕ ಪ್ರಯೋಗಗಳನ್ನು 2018ರಲ್ಲಿ ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಒಟ್ಟುಗೂಡಿಸಿ ನೋಡಿದಾಗಲೂ ಸಿಸೇರಿಯನ್ ಹೆಚ್ಚಾದದ್ದು ಕಾಣಲಿಲ್ಲ. ಹಾಗಾದರೆ ನಮ್ಮ ಕಣ್ಣಿಗೆ ಏಕೆ ಹಾಗೆ ಕಾಣುತ್ತದೆ? ಮಗುವಿನ ಮುಖ ಮೇಲ್ಮುಖವಾಗಿದ್ದು ಹೆರಿಗೆ ಎಳೆಯುತ್ತಿರುವವಳೇ ತಡೆಯಲಾರದೆ ಎಪಿಡ್ಯೂರಲ್ ಕೇಳುತ್ತಾಳೆ, ಸಿಸೇರಿಯನ್ ಆಗುವ ಸಾಧ್ಯತೆಯೂ ಅವಳಿಗೇ ಹೆಚ್ಚು. ದೂರು ಮಾತ್ರ ಸೂಜಿಯ ತಲೆಗೆ ಬರುತ್ತದೆ.

ಹೆರಿಗೆ ತುಸು ನಿಧಾನವಾಗುವುದು ನಿಜ, ಅದರಲ್ಲೂ ಎರಡನೆಯ ಹಂತ, ಎಂದರೆ ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಮಗು ಹೊರಬರುವವರೆಗಿನ ಹೊತ್ತು. ನಾನು ನಿವೃತ್ತಳಾಗುವ ಮುಂಚೆ ನೋಡಿಕೊಂಡ ಒಬ್ಬಳು ಚೊಚ್ಚಲಿನವಳು 4 ಸೆಂಟಿಮೀಟರ್ ತೆರೆದಾಗ ಹಾಕಿಸಿಕೊಂಡಳು. ಮೊದಲ ಕಾಲು ಗಂಟೆಯಲ್ಲಿ ಅವಳ ಬಿಪಿ 120ರಿಂದ 92ಕ್ಕೆ ಇಳಿದು ವಾಕರಿಕೆ ಬಂತು. ಎಡಮಗ್ಗುಲಿಗೆ ತಿರುಗಿಸಿ, ಡ್ರಿಪ್ ಜೋರು ಮಾಡಿ, ಒಂದು ಚುಚ್ಚುಮದ್ದು ಕೊಟ್ಟ ಮೇಲೆ ಸರಿಹೋಯಿತು. ಆಮೇಲೆ ಬಲಗಡೆ ಮಾತ್ರ ನೋವು ಉಳಿಯಿತು. ಐಸ್ ಮುಟ್ಟಿಸಿ ನೋಡಿದರೆ ಎಡ ತೊಡೆಗೆ ತಣ್ಣಗೆ ತಿಳಿಯುತ್ತಿರಲಿಲ್ಲ, ಬಲಕ್ಕೆ ತಿಳಿಯುತ್ತಿತ್ತು. ನಳಿಕೆಯನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಎಳೆದು ಇನ್ನಷ್ಟು ಔಷಧಿ ಕೊಟ್ಟಾಗ ಎರಡೂ ಕಡೆ ಸಮವಾಯಿತು. ಪೂರ್ತಿ ತೆರೆದ ಮೇಲೂ ಮುಕ್ಕಬೇಕೆನಿಸಲಿಲ್ಲ, ಮಗುವಿನ ಎದೆಬಡಿತ ಚೆನ್ನಾಗಿದ್ದುದರಿಂದ ಒಂದು ಗಂಟೆ ಕಾದೆವು, ಮಗು ತಾನೇ ಕೆಳಗಿಳಿಯಿತು, ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಬಿಗಿದಾಗಲೆಲ್ಲ ನಾನು ಹೇಳಿದಂತೆ ಮುಕ್ಕಿ ಸಹಜವಾಗಿಯೇ ಹೆತ್ತಳು. ಈ ಹೊತ್ತನ್ನೇ ಜನ ‘ನಿಂತುಹೋಯಿತು’ ಎನ್ನುವುದು.

ನೀನು ಹುಟ್ಟಿದ ರಾತ್ರಿ ನಮ್ಮೂರಿನ ಆಸ್ಪತ್ರೆಗೆ ಅರಿವಳಿಕೆ ವೈದ್ಯರು ಆಪರೇಷನ್ ಇದ್ದರೆ ಮಾತ್ರ ಬರುತ್ತಿದ್ದರು. ತಂಗಿ ನನ್ನ ಮಣಿಕಟ್ಟನ್ನು ಹಿಡಿದ ಹಿಡಿತ ಬಿಡಿಸಲಾಗಲಿಲ್ಲ, ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಆ ಕೊರಗು ಈಗಲೂ ಇದೆ. ನಿನಗೆ ಇಷ್ಟು ಒತ್ತಿ ಬರೆಯುವುದಕ್ಕೆ ಅದೂ ಕಾರಣವಿರಬಹುದು, ಬೇಸರಿಸಬೇಡ.

ತೊಂದರೆಗಳೇ ಇಲ್ಲವೆನ್ನಲಾರೆ. ಮೈ ತುರಿಸಬಹುದು, ನಡುಕ ಬರಬಹುದು, ಸ್ವಲ್ಪ ಜ್ವರ ಬರಬಹುದು, ಮೂತ್ರ ಬಂದದ್ದು ತಿಳಿಯದೆ ನಳಿಕೆ ಹಾಕಬೇಕಾಗಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ ಸೂಜಿ ಪೊರೆಯನ್ನು ತೂತು ಮಾಡಿ, ಎದ್ದು ಕೂತರೆ ಸಿಡಿಯುವ, ಮಲಗಿದರೆ ಇಳಿಯುವ ತಲೆನೋವು ಬರುತ್ತದೆ. ಅದು ತಾಳದಷ್ಟಾದರೆ ನಿನ್ನದೇ ರಕ್ತವನ್ನು ಅಲ್ಲಿಗೆ ಚುಚ್ಚಿ ಮುಚ್ಚುವ ಕ್ರಮವಿದೆ. ವರ್ಷಗಟ್ಟಲೆ ಕಾಡುವ ಬೆನ್ನುನೋವು ಇದರಿಂದ ಬರುವುದಿಲ್ಲ, ಅದು ಎಪಿಡ್ಯೂರಲ್ ಇಲ್ಲದೆ ಹೆತ್ತವರಿಗೂ ಅಷ್ಟೇ ಬರುತ್ತದೆ. ಔಷಧಿ ನಿಲ್ಲಿಸಿ ನಾಲ್ಕು ಗಂಟೆ ಕಳೆದರೂ ಕಾಲೆತ್ತಲಾಗದಿದ್ದರೆ ಮಾತ್ರ ಸಂಕೋಚಪಡದೆ ಸಿಸ್ಟರನ್ನು ಕೂಗು.

ಸಲಹೆ ಎಂದು ಹೇಳುವಷ್ಟು ನನ್ನಲ್ಲಿ ಹೆಚ್ಚೇನಿಲ್ಲ. ರಾತ್ರಿಯೂ ಅರಿವಳಿಕೆ ವೈದ್ಯರು ಆಸ್ಪತ್ರೆಯಲ್ಲೇ ಇರುತ್ತಾರೆಯೇ, ಯಾವ ಸಾಂದ್ರತೆ ಕೊಡುತ್ತಾರೆ ಎಂದು ಮುಂದಿನ ತಪಾಸಣೆಗೆ ಹೋದಾಗ ಕೇಳು. ಪ್ಲೇಟ್ಲೆಟ್ ತೀರಾ ಕಡಿಮೆಯಿದ್ದರೆ ಅಥವಾ ರಕ್ತ ತೆಳುವಾಗಿಸುವ ಚುಚ್ಚುಮದ್ದು ನಡೆಯುತ್ತಿದ್ದರೆ ಅವರು ಎಪಿಡ್ಯೂರಲ್ ಹಾಕದಿರಬಹುದು, ಆದ್ದರಿಂದ ಕಳೆದ ವಾರದ ರಕ್ತಪರೀಕ್ಷೆಯ ವರದಿಯನ್ನೂ ಫೈಲಿನಲ್ಲಿ ಇಟ್ಟುಕೊಂಡು ಹೋಗು.

ನಿನ್ನ ದೊಡ್ಡಮ್ಮ